ನರ್ಸಕ್ಕ ಹಿಡಿದು ನೋಡಿದ ಮೆತ್ತನೆ ಕೈ

ನಮ್ಮ ಪ್ಲಾಸ್ಟಿಕ್ ಕೊಳವೆ ಕಾರ್ಖಾನೆಯಲ್ಲಿ ಅತಿ ಮೆತ್ತನೆಯ ಕೈ ನನ್ನದು ಎಂಬ ಜಂಬ ನನಗಿತ್ತು. ಜಂಬಪಡಲು ಬೇರೇನೂ ಇರಲಿಲ್ಲ ಬಿಡಿ. ಬಿಳಿ ಪ್ಲಾಸ್ಟಿಕ್ ಪುಡಿಗೆ ಬಣ್ಣವನ್ನೂ ಎಣ್ಣೆಯಂಥ ದ್ರವವನ್ನೂ ಸುರಿದು ಬಿಸಿ ಮಿಕ್ಸರಿನಲ್ಲಿ ತಿರುಗಿಸುವುದು ನನ್ನ ಕೆಲಸ. ಆ ದ್ರವ ಬೀಳದಿದ್ದರೆ ಕೊಳವೆ ಬಗ್ಗುವುದಿಲ್ಲ, ಕಡ್ಡಿಯಂತೆ ಮುರಿಯುತ್ತದೆ. ಪಾಳಿ ಮುಗಿದಾಗ ಕೈಗಂಟಿದ ಬಣ್ಣವನ್ನು ಆ ದ್ರವದಲ್ಲೇ ಉಜ್ಜಿ ತೆಗೆಯುವುದು ಮಿಕ್ಸರ್ ಕೋಣೆಯ ಹಳೇ ಪದ್ಧತಿ. ಸೋಪಿಗಿಂತ ಬೇಗ ಹೋಗುತ್ತದೆ, ಕೈಯೂ ಬೆಣ್ಣೆ. ಹೆಂಡತಿಗೂ ಇಷ್ಟವಾಗಿತ್ತು.

ಮದುವೆಯಾಗಿ ಮೂರು ವರ್ಷ, ಮಗುವಿಲ್ಲ. ಅವಳ ಪರೀಕ್ಷೆಗಳೆಲ್ಲ ಸರಿ. ನನ್ನ ರಿಪೋರ್ಟಿನಲ್ಲಿ ಗಂಡು ಹಾರ್ಮೋನೂ ವೀರ್ಯಾಣುಗಳ ಸಂಖ್ಯೆಯೂ ಇರಬೇಕಾದ ಮಟ್ಟದ ಗೆರೆಯ ಕೆಳಗೆ. ಅದನ್ನು ಊಟದ ಚೀಲದಲ್ಲಿ ಬಚ್ಚಿಟ್ಟುಕೊಂಡು, ತಗಡಿನ ಮಾಡಿನ ಆರೋಗ್ಯ ಕೋಣೆಗೆ ಹೋದೆ.

ಅಲ್ಲಿ ಇಪ್ಪತ್ತು ವರ್ಷದಿಂದ ನರ್ಸಕ್ಕ ಇದ್ದಾರೆ. ಕಾರ್ಖಾನೆಯ ಅರ್ಧ ಬೆರಳುಗಳಿಗೆ ಅವರೇ ಪಟ್ಟಿ ಕಟ್ಟಿದವರು. ತಲೆನೋವಿನ ಮಾತ್ರೆ ಕೇಳಿದರೆ ನೀರು ಕುಡಿದೆಯಾ ಅಂತ ಬೈಯುತ್ತಾರೆ. ನನ್ನ ಸ್ನೇಹಿತನೊಬ್ಬನಿಗೆ ಮಕ್ಕಳಾಗಿಲ್ಲ, ಶಕ್ತಿಯ ಮಾತ್ರೆ ಬೇಕಿತ್ತು ಅಂದೆ.

"ಸ್ನೇಹಿತನ ಕೈ ತೋರಿಸು," ಅಂದರು.

ಹಿಡಿದು ತಿರುಗಿಸಿ ನೋಡಿದರು. ಮೂಸಿದರು. "ಇದರಲ್ಲೇ ಊಟ ಮಾಡ್ತೀಯೇನಪ್ಪಾ?"

ಮಾಡುತ್ತಿದ್ದೆ. ಆಮೇಲೆ ಅವರು ನಿಧಾನಕ್ಕೆ ಬಿಡಿಸಿ ಹೇಳಿದರು. ಬಿಸಿಗೆ ಏಳುವ ಆವಿ ಉಸಿರಿನಲ್ಲಿ, ಕೈಯಲ್ಲಿದ್ದದ್ದು ತುತ್ತಿನಲ್ಲಿ ಒಳಗೆ ಹೋಗುತ್ತದಂತೆ. ಇಂಥ ಕೆಲಸದವರ ಮೂತ್ರದಲ್ಲಿ ಅದರ ಅಂಶ ಹೆಚ್ಚು ಸಿಕ್ಕಿದೆ, ಹೆಚ್ಚಿದ್ದವರಲ್ಲಿ ಗಂಡು ಹಾರ್ಮೋನ್ ಕಡಿಮೆ ಇದ್ದದ್ದನ್ನೂ ಕೆಲವು ಅಧ್ಯಯನಗಳು ಕಂಡಿವೆ. ಎಲ್ಲರಲ್ಲೂ ಹಾಗಲ್ಲ, ನಿನ್ನದಕ್ಕೆ ಇದೇ ಕಾರಣ ಅಂತ ಯಾರೂ ಆಣೆ ಮಾಡಲಾರರು ಅಂದರು. "ಆದ್ರೆ ಇದ್ರಲ್ಲಿ ಕೈ ತೊಳೆಯೋದು ಬಿಟ್ರೆ ನಿಂಗೇನೂ ನಷ್ಟ ಇಲ್ಲ. ಮೈಯಿಂದ ಎರಡು ದಿನಕ್ಕೆ ಹೊರಟೋಗತ್ತೆ. ವೀರ್ಯಾಣು ಹೊಸದಾಗಿ ತಯಾರಾಗೋಕೆ ಮಾತ್ರ ಎರಡೂವರೆ ತಿಂಗಳು ಬೇಕು. ಮೂರು ತಿಂಗಳು ತಾಳು."

ರಿಪೋರ್ಟನ್ನು ಚೀಲದಿಂದ ತೆಗೆದು ಕೊಟ್ಟೆ. ಸ್ನೇಹಿತ ಅಲ್ಲಿಗೆ ಸತ್ತ.

ಅಂದೇ ಸಂಜೆ ಅವರು ಮ್ಯಾನೇಜರನ್ನು ಮಿಕ್ಸರ್ ಕೋಣೆಗೆ ಕರೆತಂದು ಹತ್ತು ನಿಮಿಷ ನಿಲ್ಲಿಸಿದರು. ಅವನ ಕಣ್ಣು ಉರಿದ ಮೇಲೆಯೇ ಹೊರಗೆ ಬಿಟ್ಟರು. ಆ ತಿಂಗಳಲ್ಲೇ ಮಿಕ್ಸರಿಗೆ ಮುಚ್ಚಳವೂ ಆವಿ ಎಳೆಯುವ ಫ್ಯಾನೂ ನಮಗೆ ಕೈಗವಸೂ ಬಂದವು. ಮನೆಯಲ್ಲಿ ಹೆಂಡತಿಗೆ ಎಲ್ಲ ಹೇಳಿದೆ. ಬೈಯಲಿಲ್ಲ, ಮೊದಲೇ ಹೇಳಬಾರದಿತ್ತೇ ಅಂತ ನೀರು ತುಂಬಿದ ಕಣ್ಣಲ್ಲಿ ಕೇಳಿದಳು. ಬೈದಿದ್ದರೆ ವಾಸಿಯಿತ್ತು.

ಮೂರು ತಿಂಗಳಾದ ಮೇಲೆ ಎರಡೂ ಅಂಕಿಗಳು ಗೆರೆ ದಾಟಿದ್ದವು. ಮಗು ಇನ್ನೂ ಬಂದಿಲ್ಲ, ಬರಬಹುದು ಅಂದರು ಡಾಕ್ಟರು. ನಮಗೆ ಅಷ್ಟು ಸಾಕಾಗಿತ್ತು. ಓಡಿಹೋಗಿ ನರ್ಸಕ್ಕನ ಮುಂದೆ ರಿಪೋರ್ಟ್ ಹಿಡಿದೆ. ಅವರು ಅದನ್ನು ಬಿಟ್ಟು ಮೊದಲು ನನ್ನ ಕೈ ನೋಡಿದರು.

"ಒರಟಾಗಿದೆ. ಒಳ್ಳೇದು."

ಒಬ್ಬನ ರಿಪೋರ್ಟಿನಿಂದ ಏನೂ ಸಾಬೀತಾಗೋದಿಲ್ಲ, ತಾನಾಗಿಯೂ ಏರಿಳಿಯುತ್ತೆ ಅಂತ ಕೃತಜ್ಞತೆಯನ್ನೂ ಅಳತೆ ಮಾಡಿಯೇ ತೆಗೆದುಕೊಂಡರು. ಏನು ಕೊಡಲಿ ಅಂತ ಕೇಳಿದ್ದಕ್ಕೆ, ಸಂಜೆ ಪಾಳಿಯವರು ಇನ್ನೂ ಆ ದ್ರವದಲ್ಲೇ ಕೈ ತೊಳೀತಾರಂತೆ, ಹೋಗಿ ನಿನ್ನ ಕಥೆ ಹೇಳು ಅಂದರು.

ಈಗ ಪಾಳಿ ಬದಲಾಗುವಾಗ ಸೋಪು ಹಿಡಿದು ನಲ್ಲಿಯ ಹತ್ತಿರ ನಿಂತಿರುತ್ತೇನೆ. ನಗುತ್ತಾರೆ. ನನ್ನ ಕಥೆ ಶುರು ಮಾಡಿದರೆ ಸಾಕು, ಪೂರ್ತಿ ಕೇಳುವ ಕಷ್ಟಕ್ಕಿಂತ ಲೇಸು ಅಂತ ಎಲ್ಲರೂ ಸೋಪು ತಗೋತಾರೆ.