ಮೂರಡಿಯಲ್ಲಿ ಎರಡು ಸಾಲು

ನಾನು ಹುಟ್ಟಾ ಅಂಜುಬುರುಕಿ. ತರಗತಿಯಲ್ಲಿ ಬೆತ್ತ ಹಿಡಿದಾಗ ಹುಲಿ, ಹೆಡ್‌ಮಾಸ್ತರರು ಬಾಗಿಲಲ್ಲಿ ಇಣುಕಿದರೆ ಇಲಿ. ಎಂಬತ್ತರ ದಶಕದ ಶುರುವಿನಲ್ಲಿ ಶಹಾಬಾದದ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದೆ. ನಮ್ಮ ಕಡೆಯ ಕಲ್ಲುಗಣಿಗಳ ಮೇಲೆ ಮುಂಬೈಯವರೊಬ್ಬರು ಸಾಕ್ಷ್ಯಚಿತ್ರ ತೆಗೆದಿದ್ದರು. ಅದರ ಸಂಕಲನಕಾರ ನಮ್ಮೂರಿನವನೇ. ಚಿಕ್ಕಂದಿನಲ್ಲಿ ಮುಂಬೈಗೆ ಹೋಗಿ ಫಿಲ್ಮು ಕತ್ತರಿಸುವ ಕೆಲಸ ಕಲಿತಿದ್ದ. ಕಾರ್ಮಿಕರು ಆಡುವ ಮಾತು ಅವನಿಗೆ ಪೂರಾ ತಿಳಿಯುತ್ತಿತ್ತು, ಇಂಗ್ಲಿಷ್ ಮಾತ್ರ ಕೈಕೊಡುತ್ತಿತ್ತು. ನಿರ್ದೇಶಕರಿಗೆ ಕನ್ನಡ ಬಾರದು. ಹೀಗಾಗಿ ಸಬ್‌ಟೈಟಲ್ ಬರೆಯುವ ಕೆಲಸ ನನ್ನ ಕೊರಳಿಗೆ ಬಿತ್ತು.

ಅವನ ಮನೆಯ ಮುಂದಿನ ಕೋಣೆಯಲ್ಲಿ ರವಿವಾರ ಮಧ್ಯಾಹ್ನ ಕೂಡುತ್ತಿದ್ದೆವು. ಬೆಳಕು ಬೀಳಬಾರದೆಂದು ಕಿಟಕಿ ಮುಚ್ಚಬೇಕು, ಊರ ಬಾಯಿಗೆ ಬೀಳಬಾರದೆಂದು ಬಾಗಿಲು ತೆರೆದಿರಬೇಕು. ಅವನ ತಾಯಿ ಹೊಸ್ತಿಲಲ್ಲಿ ಅಕ್ಕಿ ಹಸನು ಮಾಡುತ್ತ ಕಾವಲಿಗೆ ಕೂಡುತ್ತಿದ್ದರು. ಮೇಜಿನ ಮೇಲೆ ಮುಂಬೈಯಿಂದ ಹೊತ್ತು ತಂದ ಸಣ್ಣ ಯಂತ್ರ. ಅದರ ಒಂದು ಹಲ್ಲುಗಾಲಿಯ ಮೇಲೆ ಫಿಲ್ಮು, ಜೋಡಿಗಾಲಿಯ ಮೇಲೆ ದನಿಯ ಟೇಪು. ತಿರುಗಿಸಿದರೆ ಎರಡೂ ಕೂಡಿ ಓಡುತ್ತವೆ. ಅಂಗೈಯಗಲದ ಪರದೆಯಲ್ಲಿ ಚಿತ್ರ ಮೂಡುತ್ತದೆ, ಪಕ್ಕದ ಮೀಟರು ಎಷ್ಟು ಅಡಿ ಫಿಲ್ಮು ದಾಟಿತೆಂದು ತೋರಿಸುತ್ತದೆ.

"ಅಕ್ಕೋರ, ಇಲ್ಲಿ ಹೊತ್ತು ಅಳೆಯೋದು ಗಡಿಯಾರದಾಗ ಅಲ್ರಿ, ಅಡಿಲೆಕ್ಕದಾಗ," ಎಂದ ಮೊದಲ ದಿನ. "ಒಂದಡಿಗೆ ನಲವತ್ತು ಚಿತ್ರ. ಸೆಕೆಂಡಿಗೆ ಇಪ್ಪತ್ನಾಕು ಓಡ್ತಾವ. ಮೂರಡಿ ಅಂದ್ರ ಐದು ಸೆಕೆಂಡು. ಅಷ್ಟರಾಗ ಓದೋರಿಗೆ ಐವತ್ತೈದು ಅಕ್ಷರದ ಮ್ಯಾಲೆ ದಕ್ಕಂಗಿಲ್ಲ. ನಡುವಿನ ಖಾಲಿ ಜಾಗಾನೂ ಲೆಕ್ಕಕ್ಕ ಹಿಡೀರಿ."

ಒಂದು ಸಾಲಿಗೆ ಮೂವತ್ತೆರಡು ಅಕ್ಷರ ಮೀರಬಾರದು, ಒಮ್ಮೆಗೆ ಎರಡೇ ಸಾಲು. ಮಾತು ಶುರುವಾದಾಗಲೇ ಸಾಲು ಮೂಡಬೇಕು, ಚಿತ್ರ ಬದಲಾಗುವ ಮೊದಲೇ ಅಳಿಯಬೇಕು. ಒಂದು ಅಳಿದ ಮೇಲೆ ಇನ್ನೊಂದು ಬರುವ ನಡುವೆ ಕಣ್ಣು ಮಿಟುಕುವಷ್ಟು ಖಾಲಿ ಬಿಡಬೇಕು, ಇಲ್ಲದಿದ್ದರೆ ಸಾಲು ಬದಲಾದದ್ದೇ ಓದುವವರಿಗೆ ಗೊತ್ತಾಗುವುದಿಲ್ಲ. ಇಷ್ಟೆಲ್ಲ ಕಟ್ಟಳೆ, ಅದೂ ನಮ್ಮ ಜನರ ಮಾತಿಗೆ! ನಮ್ಮವರು ಊರೆಲ್ಲ ಸುತ್ತದೆ ಅಗಸಿ ಬಾಗಿಲಿಗೆ ಬಂದವರಲ್ಲ. ಮುದುಕನೊಬ್ಬ ಕ್ಯಾಮೆರಾ ಮುಂದೆ ಹೀಗೆ ಹೇಳಿದ್ದ: "ಏನ್ ಹೇಳಬೇಕ್ರಿ ಸಾಹೇಬ, ಹೇಳಿದ್ರ ಹೆಚ್ಚು, ಬಿಟ್ರ ಕಮ್ಮಿ. ನಮ್ಮಪ್ಪಗೂ ಇದೇ ಧೂಳು, ನಮಗೂ ಇದೇ ಧೂಳು, ನಾಳಿ ನಮ್ಮ ಮಕ್ಕಳಿಗೂ ಇದೇ ನೋಡ್ರಿ ಮತ್ತ." ಮೂರು ತಲೆಮಾರಿಗೂ ಇದೇ ಧೂಳು ಎಂದು ಇಂಗ್ಲಿಷಿನಲ್ಲಿ ಬರೆದೆ. ಮುದುಕನ ನಿಟ್ಟುಸಿರು ಹೊರಗುಳಿಯಿತು. ಅದು ಕಿವಿಗೆ ಹೇಗೂ ಕೇಳುತ್ತದಲ್ಲ ಎಂದು ಸಮಾಧಾನ ಮಾಡಿಕೊಂಡೆ. ಕೆಲಸ ರುಚಿ ಹತ್ತಿತ್ತು, ಸುಳ್ಳೇಕೆ ಹೇಳಲಿ.

ಚಿತ್ರದ ನಡುವೆ ಒಂದು ಕಡೆ ಗಣಿಯ ಹಾಜರಿ ಬರೆಯುವ ಮುನ್ಶಿ ಕುರ್ಚಿಯಲ್ಲಿ ಕೂತು ಮಾತಾಡುತ್ತಾನೆ. ಗಣಿಯ ಗೋಡೆ ಕುಸಿದು ಮೂವರು ಸತ್ತರು ಎಂಬುದು ಸುಳ್ಳು, ಆ ಮೂವರೂ ಅಂದು ಕೆಲಸಕ್ಕೇ ಬಂದಿರಲಿಲ್ಲ ಎನ್ನುತ್ತಾನೆ. ಅದಾದ ಕೂಡಲೆ ನೀರು ತುಂಬಿದ ಹಳೆಯ ಗಣಿಯ ಚಿತ್ರ, ಅದರ ಮೇಲೆ ಒಬ್ಬ ಹೆಂಗಸಿನ ದನಿ: "ಅವತ್ತ ನಮ್ಮವ್ರು ಕೆಲಸಕ್ಕ ಹೋಗ್ಯಾರ್ರಿ. ನಾನೇ ಬುತ್ತಿ ಕಟ್ಟೀನಿ, ಈ ಕೈಲೆ ಕಟ್ಟೀನಿ." ದನಿ ಮುಂದುವರಿಯುತ್ತಿರುವಾಗಲೇ ಚಿತ್ರ ಬದಲಾಗಿ, ಬಾಯಿಗೆ ಸೆರಗು ಕಟ್ಟಿಕೊಂಡು ಕಲ್ಲು ಸೀಳುವ ಹೆಂಗಸೊಬ್ಬಳು ಬರುತ್ತಾಳೆ. ಅದರ ಮೇಲೆ: "ಬಂದೇ ಇಲ್ಲ ಅಂತ ಬರಕೊಂಡಾರ್ರಿ. ಖೋಟಾ ಮಾತದು."

ದನಿ ಕೊಟ್ಟವಳು ಸತ್ತ ಮೂವರಲ್ಲಿ ಒಬ್ಬನ ಹೆಂಡತಿ. ಮುಖ ತೋರಿಸಬಾರದು ಎಂಬ ಕರಾರಿನ ಮೇಲೆ ಮಾತಾಡಿದ್ದಳು, ಏಕೆಂದರೆ ಈಗಲೂ ಅದೇ ಗಣಿಯಲ್ಲಿ ದುಡಿಯುತ್ತಿದ್ದಳು. ನಿರ್ದೇಶಕರು ಮಾತಿಗೆ ತಪ್ಪಿರಲಿಲ್ಲ. ಚಿತ್ರ ಚೆಂದ ಬಂದಿದೆಯೆಂದು ಬೇರೊಬ್ಬಳನ್ನು ಅಲ್ಲಿ ಹಾಕಿದ್ದರು, ಅಷ್ಟೇ.

ಸಾಲುಗಳೆಲ್ಲ ಮುಗಿದ ರವಿವಾರ ಅವನು ದನಿ ಬಂದ್ ಮಾಡಿದ. "ಈಗ ಕಿವುಡರಂಗ ನೋಡ್ರಿ ಅಕ್ಕೋರ. ಕನ್ನಡ ಬರದವ್ರು ಹಿಂಗೇ ನೋಡೋದು." ನಾನು ಬರೆದ ಸಾಲುಗಳನ್ನು ಕಾಗದದ ಪಟ್ಟಿಗಳಲ್ಲಿ ಪರದೆಯ ಕೆಳಗೆ ಹಿಡಿಯುತ್ತ ಹೋದೆ, ಅವನು ಗಾಲಿ ತಿರುಗಿಸಿದ. ಮುನ್ಶಿ ಹೋದ, ನೀರು ಬಂತು, ಕಲ್ಲು ಸೀಳುವವಳು ಬಂದಳು. ಅವಳ ಗದ್ದದ ಕೆಳಗೆ ನನ್ನ ಕೈಯ ಪಟ್ಟಿ: ಬರಲಿಲ್ಲವೆಂದು ಬರೆದುಕೊಂಡಿದ್ದಾರೆ, ಅದು ಸುಳ್ಳು.

ಪಟ್ಟಿಯನ್ನು ಕೆಳಗಿಳಿಸಿದೆ. ದನಿ ಇಲ್ಲದಾಗ ಮಾತು ಆ ಮುಖದ್ದೇ ಆಗಿತ್ತು. ಬಾಯಿ ಸೆರಗಿನ ಹಿಂದೆ ಇದೆ, ಆಡುತ್ತಿಲ್ಲವೆಂದು ಯಾರು ಹೇಳಬೇಕು? ಆ ಮುಖ ನನಗೆ ಗೊತ್ತಿತ್ತು. ಅವಳ ಗಂಡನೂ ಅದೇ ಗೋಡೆಯ ಕೆಳಗೆ ಸತ್ತವನು. ಬಾಯಿ ಮುಚ್ಚಿಕೊಂಡಿರುವುದಕ್ಕೆ ಪ್ರತಿಯಾಗಿ, ನನ್ನ ಹತ್ತಿರ ಓದಿದ್ದ ಅವಳ ಮಗನನ್ನು ಗಣಿಯ ಆಫೀಸಿನಲ್ಲಿ ಕೆಲಸಕ್ಕೆ ಇಟ್ಟುಕೊಂಡಿದ್ದರು. ಗಣಿಯೊಳಗೆ ಕ್ಯಾಮೆರಾ ಬಿಡುವಾಗ ಮಾಡಿಕೊಂಡ ಕರಾರಿನಂತೆ, ಮೊದಲ ಪ್ರತಿಯನ್ನು ಮಾಲೀಕರಿಗೂ ಅಧಿಕಾರಿಗಳಿಗೂ ಪಕ್ಕದೂರು ವಾಡಿಯಲ್ಲಿ ತೋರಿಸಬೇಕಿತ್ತು. ಗಣಿಯ ಮ್ಯಾನೇಜರು ಹೊರರಾಜ್ಯದವರು, ಒಂದಕ್ಷರ ಕನ್ನಡ ತಿಳಿಯದವರು. ಕಂತ್ರಾಟದಾರರಿಗೆ ಕನ್ನಡ ಬರುತ್ತಿತ್ತು, ಆದರೆ ಕೂಲಿ ಹೆಂಗಸರ ದನಿ ಯಾವುದು ಯಾರದೆಂದು ಗುರುತಿಸಲು ಅವರು ಎಂದಾದರೂ ಕಿವಿಗೊಟ್ಟಿದ್ದರೆ ತಾನೆ? ಒಂದು ಮಾತೂ ಆಡದ ಆ ತಾಯಿ ಮಗ ಇಬ್ಬರೂ ನನ್ನ ಐವತ್ತು ಅಕ್ಷರಕ್ಕೆ ಬೀದಿಗೆ ಬೀಳುತ್ತಿದ್ದರು.

"ಆ ಚಿತ್ರಾನೇ ತೆಗೀರಿ," ಎಂದೆ.

"ಆಗಂಗಿಲ್ರಿ. ನೆಗೆಟಿವ್ ಕತ್ತರಿಸಿ ಆಗ್ಯಾದ. ಈಗ ಸಾಲು ಅಷ್ಟೇ ನಮ್ಮ ಕೈಯಾಗ ಉಳದಾವ. ಓರೆ ಅಕ್ಷರದಾಗ ಹಾಕೋಣೇನು? ಮಾತಾಡೋರು ಚಿತ್ರದಾಗ ಇಲ್ಲ ಅಂತ ಅದರ ಅರ್ಥ."

"ಆ ಅರ್ಥ ನಿಮಗ ಗೊತ್ತದ. ಮ್ಯಾನೇಜರಿಗೆ ಯಾರು ಹೇಳ್ತಾರ?"

ಮುಖದ ಮೇಲಿನ ಸಾಲನ್ನು ಪೂರ್ತಿ ಕಿತ್ತುಹಾಕಿದೆ. ನೀರಿನ ಚಿತ್ರ ಮೂರಡಿ ಇತ್ತು. ಹೇಳುವುದನ್ನೆಲ್ಲ ಅಲ್ಲಿಯೇ ಮುಗಿಸಿದೆ: ನನ್ನ ಗಂಡ ಅಂದು ಕೆಲಸಕ್ಕೆ ಹೋಗಿದ್ದ, ನಾನೇ ಬುತ್ತಿ ಕಟ್ಟಿದ್ದೆ. ಮುನ್ಶಿಯ ಸುಳ್ಳಿಗೆ ಅಷ್ಟೇ ಉತ್ತರ ಸಾಕಿತ್ತು. ಮತ್ತೆ ದನಿಯಿಲ್ಲದೆ ನೋಡಿದೆವು. ಸಾಲು ನೀರಿನ ಮೇಲೆ ಬಂದು ಅಳಿಯಿತು, ಕೂಡಲೆ ಅವಳ ಮುಖ ಬಂತು. ನನ್ನ ಗಂಡ, ನಾನು ಎಂದು ಈಗಷ್ಟೇ ಓದಿದ ಕಣ್ಣು ಆ ನಾನು ಯಾರೆಂದು ಹುಡುಕುತ್ತದೆ, ಮೊದಲು ಸಿಕ್ಕ ಮುಖಕ್ಕೆ ಅಂಟುತ್ತದೆ. ಸಂಕಲನಕಾರ ಗಾಲಿ ನಿಲ್ಲಿಸಿದ. ಹೊಸ್ತಿಲಲ್ಲಿದ್ದ ಅವನ ತಾಯಿ, "ಯಾಕವ್ವ, ಮಾರಿ ಬಿಳಚಿಕೊಂಡದ?" ಎಂದು ನೀರು ತರಲು ಎದ್ದರು.

ಮಂಗಳವಾರದ ಗಾಡಿಗೆ ಅವನು ಮುಂಬೈಗೆ ಹೊರಡಬೇಕಿತ್ತು. ಅಲ್ಲಿ ಸಾಲುಗಳ ಅಚ್ಚು ಮಾಡಿ ಫಿಲ್ಮಿನ ಮೇಲೆಯೇ ಕೊರೆಯುತ್ತಾರೆ. ಕೊರೆದ ಮೇಲೆ ಬ್ರಹ್ಮ ಬಂದರೂ ಅಳಿಸಲಾರ. ನನಗೆ ತೋಚಿದ್ದು ಒಂದೇ, ದನಿಗೆ ಸಾಲೇ ಬೇಡ ಎನ್ನುವುದು. ಯಾರಿಗೂ ಅಪಾಯವಿಲ್ಲ. ಆದರೂ ಮಾತಿನ ಒಡತಿಯನ್ನು ಒಂದು ಮಾತು ಕೇಳಬೇಕಲ್ಲ.

ಕಲ್ಲಿನವರ ಓಣಿಗೆ ಹೋಗುವ ಧೈರ್ಯವಾಗಲಿಲ್ಲ. ಸೋಮವಾರದ ಸಂತೆಯಲ್ಲಿ ಬದನೆಕಾಯಿ ಗುಂಪಿಯ ಮುಂದೆ ದನಿ ಕೊಟ್ಟವಳು ಸಿಕ್ಕಳು. ನಾನೂ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಕಾಯಿ ಆರಿಸುತ್ತ, ತಲೆ ಎತ್ತದೆ ಎಲ್ಲ ಹೇಳಿದೆ. ಬೆನ್ನ ಹಿಂದೆ ಯಾರು ನಡೆದರೂ ಮುನ್ಶಿಯೇ ಎನಿಸುತ್ತಿತ್ತು.

"ನನ್ನ ಮಾತು ಆಕಿ ಬಾಯಾಗ ಹೋಗ್ತದೇನ್ರಿ?" ಎಂದಳು.

"ಹೌದವ್ವ. ಅದಕ್ಕ ತೆಗದೇ ಬಿಡಾಕತ್ತೀನಿ."

"ತೆಗದ್ರ ಮುನ್ಶಿ ಮಾತು ಇರ್ತದೇನು?"

ಇರುತ್ತದೆ ಎಂದೆ. ಮುನ್ಶಿಯ ಮಾತಿಗೆ ಎರಡು ಸಾಲು ನಾನೇ ಬರೆದಿದ್ದೆ.

ಅವಳು ಕೈಯಲ್ಲಿದ್ದ ಕಾಯಿಯನ್ನು ಗುಂಪಿಗೆ ಹಾಕಿ, "ಹಂಗಾರ ನಮ್ಮವ್ರ ಹೆಸರು ಹಾಕ್ರಿ," ಎಂದಳು. "ಹೆಸರು ಇದ್ರ ಆಕಿ ಮ್ಯಾಲೆ ಹೋಗಂಗಿಲ್ಲಲ್ಲ? ಆ ಹೆಸರಿನವ್ರ ಹೇಣ್ತಿ ನಾನೊಬ್ಬಾಕಿನೇ."

ನಾನು ಬೆಚ್ಚಿಬಿದ್ದೆ. ಮುಖ ಮುಚ್ಚಿಸಿಕೊಂಡವಳು ಈಗ ತಾನಾಗಿ ಸಿಕ್ಕಿಹಾಕಿಕೊಳ್ಳುತ್ತಿದ್ದಳು. ಬೇಡವ್ವ, ಕೆಲಸ ಹೋಗುತ್ತದೆ, ಯೋಚನೆ ಮಾಡು ಎಂದು ಅಂಗಲಾಚಿದೆ. "ಆಕಿಗೆ ಮಗ ಇದ್ದಾನ್ರಿ. ನನಗ್ಯಾರಿದ್ದಾರ, ಒಂದು ಹೊಟ್ಟಿ," ಎಂದಳು. ಟೇಪಿನಲ್ಲಿ ಅವಳು ಎಲ್ಲಿಯೂ ಗಂಡನ ಹೆಸರು ಹೇಳಿರಲಿಲ್ಲ, ನಮ್ಮಲ್ಲಿ ಹೇಳುವುದಿಲ್ಲ. ಮದುವೆಯಲ್ಲಿ ಒಡಪಿನ ಪದ್ಯದೊಳಗೆ ಹಾಕಿ ಹೇಳಿದರೆ ಅದೇ ಮೊದಲು, ಅದೇ ಕೊನೆ. ನಾನು ಕೇಳಬೇಕಾಯಿತು. ಅವಳು ಸೆರಗನ್ನು ಬಾಯಿಗೆ ಅಡ್ಡ ಹಿಡಿದು, ಬದನೆಕಾಯಿ ಗುಂಪಿಯತ್ತ ನೋಡುತ್ತ, ಹೆಸರು ಹೇಳಿದಳು. ನಾನು ಅದನ್ನು ಇಲ್ಲಿ ಬರೆಯುವುದಿಲ್ಲ. ಒಮ್ಮೆ ಬರೆದದ್ದೇ ನನಗೆ ಸಾಕಾಗಿದೆ.

ಮನೆಗೆ ಬಂದು ಅಕ್ಷರ ಎಣಿಸಿದೆ. ಹೆಸರು ಸಣ್ಣದು. ನನ್ನ ಗಂಡ ಎಂಬಲ್ಲಿ ಸರಾಗವಾಗಿ ಕೂತಿತು, ಮೂವತ್ತೆರಡು ದಾಟಲಿಲ್ಲ. ದಾಟಿದ್ದರೆ ಒಳ್ಳೆಯದಿತ್ತು, ನೆಪ ಸಿಗುತ್ತಿತ್ತು ಎಂದುಕೊಂಡೆ. ಸಂಕಲನಕಾರ ಓದಿ, "ಟೇಪಿನ್ಯಾಗ ಇಲ್ಲದ್ದು ಹಾಕಬಾರದ್ರಿ ಅಕ್ಕೋರ," ಎಂದ. ಯಾರು ಹಾಕಿಸಿದ್ದು ಎಂದು ತಿಳಿಸಿದಾಗ ಹಾಳೆ ಮಡಚಿ ಅಂಗಿಯ ಕಿಸೆಯಲ್ಲಿಟ್ಟ.

ವಾಡಿಯ ಪ್ರದರ್ಶನಕ್ಕೆ ಹೋಗಿ ಕೊನೆಯ ಸಾಲಿನಲ್ಲಿ ಕೂತೆ. ಮುಂದೆ ಮಾಲೀಕರು, ಮ್ಯಾನೇಜರು, ಕಂತ್ರಾಟದಾರರು. ಮುನ್ಶಿ ಬಂದಾಗ ಒಬ್ಬಿಬ್ಬರು ನಕ್ಕರು. ನೀರು ಬಂತು. ಬಿಳಿ ಅಕ್ಷರದಲ್ಲಿ ಆ ಹೆಸರು ಮೂಡಿ ನಿಂತಿತು, ನನ್ನ ಜನ್ಮದಲ್ಲಿ ಅಷ್ಟು ಉದ್ದನೆಯ ಐದು ಸೆಕೆಂಡು ನಾನು ಕಂಡಿಲ್ಲ. ಮ್ಯಾನೇಜರು ಕಂತ್ರಾಟದಾರರ ಕಡೆಗೆ ವಾಲಿ ಏನೋ ಕೇಳಿದರು, ಅವರು ಕಿವಿಯಲ್ಲಿ ಉತ್ತರ ಹೇಳಿದರು. ಆಮೇಲೆ ಕಲ್ಲು ಸೀಳುವವಳ ಮುಖ ಬಂತು, ಹೋಯಿತು. ಅವಳನ್ನು ಯಾರೂ ಗಮನಿಸಲಿಲ್ಲ. ನನಗೆ ಸಮಾಧಾನವಾಯಿತು, ಆದರೂ ದೀಪ ಹತ್ತುವ ಮೊದಲೇ ಎದ್ದು ಹೊರಬಂದೆ.

ಮುಂದಿನ ವಾರ ಹೆಸರು ಹಾಕಿಸಿದವಳಿಗೆ ಗಣಿಗೆ ಬರಬೇಡವೆಂದರು. ಅದನ್ನು ಕೇಳಿ ನಾನು ಎರಡು ದಿನ ಶಾಲೆಗೂ ಹೋಗಲಿಲ್ಲ, ಇನ್ನು ನನ್ನ ಬಾಗಿಲು ಬಡಿಯುತ್ತಾರೆಂದು ಕಾದೆ. ಯಾರೂ ಬರಲಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಒಂದು ಗಂಟಿನ ಮೇಲೆ ಕೂತಿದ್ದ ಅವಳನ್ನು ಕಂಡೆ. ಚಿಮ್ಮನಚೋಡದ ತವರಿಗೆ ಹೊರಟಿದ್ದಳು. ಎದುರು ನಿಲ್ಲಲೂ ನನಗೆ ಹೆದರಿಕೆ. ಬೈದರೆ ಬೈಯಲಿ ಎಂದು ನಿಂತೆ.

"ಹೆಸರು ಬಂತೇನ್ರಿ ಅಕ್ಕೋರ?"

"ಬಂತವ್ವ."

"ಎಷ್ಟೊತ್ತು ಇತ್ತು?"

ಅಡಿಯ ಲೆಕ್ಕ ಅವಳಿಗೆ ಹೇಗೆ ಹೇಳಲಿ? ನಿಧಾನವಾಗಿ ಐದರವರೆಗೆ ಬೆರಳು ಮಡಚಿ ತೋರಿಸಿದೆ. ಇಷ್ಟೇ ಎನ್ನಲು ನಾಚಿಕೆಯಾಯಿತು. ಅವಳು ನನ್ನ ಕೈಯನ್ನೇ ನೋಡಿದಳು.

"ಸಾಹೇಬ್ರು ಇದ್ರೇನು ಅಲ್ಲಿ? ಓದಿದ್ರೇನು?"

"ಓದಿದ್ರು. ಎಲ್ಲಾರೂ ಓದಿದ್ರು."

"ಭಾಳ ಆತು ಬಿಡ್ರಿ," ಎಂದು ಎದ್ದು ಗಂಟು ಎತ್ತಿಕೊಂಡಳು. "ನಮ್ಮವ್ರನ್ನ ಕಲ್ಲಿನ ಕೆಳಗಿಂದ ಎತ್ತಿ ಮಲಗಿಸಿದಾಗ ಆ ಸಾಹೇಬ್ರು ಇಷ್ಟೊತ್ತೂ ನಿಂತಿದ್ದಿಲ್ರಿ."