ಏಳು ರೂಪಾಯಿ ರೊಟ್ಟಿ

ದರ ಹೆಚ್ಚು ಮಾಡ್ರಿ ಅಂತ ಕೇಳೂದು ಒಂದ ಮಾತು. ಆ ಒಂದು ಮಾತು ಬಾಯಿಗಿ ಬರಾಕ ನನಗ ನಾಕು ವರ್ಷ ಹಿಡೀತು.

ಬೆಟಗೇರಿಯ ನಮ್ಮ ಮನಿ ಹಿತ್ತಲದಾಗ ಎರಡು ಗ್ಯಾಸಿನ ಒಲಿ ಹಚ್ಚಿ ಜೋಳದ ರೊಟ್ಟಿ ಮಾಡಿಸಿ, ಗದಗಿನ ಒಂದು ಖಾನಾವಳಿಗಿ ದಿನಾ ನೂರೈವತ್ತು ರೊಟ್ಟಿ ಕೊಡಾಕ ಹತ್ತಿ ಒಂಬತ್ತು ವರ್ಷ ಆತು. ರೊಟ್ಟಿ ಬಡಿಯಾಕ ಹೊಂಬಳದಿಂದ ಇಬ್ಬರು ಹೆಣ್ಮಕ್ಕಳು ಮುಂಜಾನಿ ಬಸ್ಸಿಗಿ ಬರ್ತಾರ. ಒಬ್ಬಾಕಿಗಿ ವಯಸ್ಸಾಗೇತಿ, ಇನ್ನೊಬ್ಬಾಕಿ ಆಕಿ ಸೊಸಿ. ಹಿಟ್ಟು ಬೀಸಿಸೂದು, ಎಸರು ಹಾಕಿ ನಾದೂದು, ಉಂಡಿ ಮಾಡಿ ಅವರ ಮುಂದ ಇಡೂದು ನನ್ನ ಕೆಲಸ. ಹನ್ನೊಂದಕ್ಕ ಬುಟ್ಟಿಗಿ ಬಿಳಿ ಅರಿವಿ ಸುತ್ತಿ ಆಟೋದಾಗ ಇಟಗೊಂಡು ಹೋಗೂದೂ ನಂದ. ಮೊಣಕಾಲು ಇನ್ನ ಸಾಕು ಅನ್ನಾಕತ್ತಾವು, ಯಾರು ಕೇಳ್ತಾರ?

ಕಡೀಕ ರೊಕ್ಕದ ವಿಷಯ ತಂದಾಕಿ ಸೊಸಿ. ಹಂಚಿನ ಮ್ಯಾಲಿನ ರೊಟ್ಟಿ ಹೊಳ್ಳಿ ಹಾಕಕೋತ ಅಂದ್ಲು, "ಅಕ್ಕಾರ, ಮುಂಡರಗಿ ರೋಡಿನ್ಯಾಗ ಹೊಸಾದು ಒಂದು ರೊಟ್ಟಿ ಅಂಗಡಿ ತೆಗದಾರ. ರೊಟ್ಟಿಗಿ ಮೂರು ರೂಪಾಯಿ ಕೂಲಿ ಕೊಡ್ತಾರಂತ. ನೀವು ಎರಡ ಕೊಡ್ತೀರಿ. ಒಂದನೇ ತಾರೀಖಿನ ತನಕಾ ನೋಡ್ತೀವಿ, ಸಿಟ್ಟಾಗಬ್ಯಾಡ್ರಿ." ಸಿಟ್ಟು ಹೆಂಗ ಮಾಡ್ಲಿ? ಆಕಿ ಕೇಳಿದ್ದು ಖರೇನ ಐತಿ. ಅವರಿಬ್ಬರ ಕೈ ಹೋದ್ರ ನನ್ನ ಒಲಿ ಆರಿತು, ಅಷ್ಟ.

ಖಾನಾವಳಿ ಮಾಲಕರಿಗಿ ನಾನು ಅಣ್ಣಾರ ಅಂತೀನಿ, ಅವರು ನನಗ ತಂಗಿ ಅಂತಾರ. ಅವರದೊಂದು ನೇಮ ಐತಿ. ಮಂದಿ ಉಣ್ಣಾಕ ಕುಂತಾಗ ದರದ ಮಾತು ಆಡಬಾರದು, ಉಣ್ಣಾವರ ತುತ್ತು ಗಂಟಲದಾಗ ಸಿಗತೈತಿ ಅಂತ. ನಾ ಬುಟ್ಟಿ ಇಳಸೂದರೊಳಗ ಎಪಿಎಂಸಿ ಹಮಾಲರು ಸಾಲಾಗಿ ಕುಂತಿರ್ತಾರ. ಆಮ್ಯಾಲ ಚಾ ಕೊಡಸ್ತಾರ, ಮನಿಮಂದಿ ಆರಾಮ ಅದಾರೇನು ಅಂತ ಕೇಳ್ತಾರ. ಚಾ ಕುಡದ ಬಾಯಿಲೆ ರೊಕ್ಕದ ಮಾತು ಹೆಂಗ ತಗೀಬೇಕು? ನಾಕು ವರ್ಷ ಹಿಂಗ ಚಾ ಕುಡದು ಬಂದೀನಿ ನೋಡ್ರಿ, ಹುಚ್ಚಿ!

ಅದಕ್ಕ ಮೆಸೇಜ್ ಕಳಸೂದು ಅಂತ ಮಾಡಿದ್ನಿ. ಮಧ್ಯಾಹ್ನ ಪಾತ್ರಿ ತೊಳದು, ಕಟ್ಟಿ ಮ್ಯಾಲ ಕುಂತು ಬರಿಯಾಕ ಹತ್ತಿದ್ನಿ. ಮೊದಲ ಬರದದ್ದರಾಗ ನನ್ನ ಮೊಣಕಾಲೂ ಇತ್ತು, ಮನಿಯವರ ಔಷಧಾನೂ ಇತ್ತು, ಮಗಳ ಫೀಜೂ ಇತ್ತು. ಓದಿ ನೋಡಿದ್ರ ನನಗ ನಾಚಿಕಿ ಬಂತು. ದರ ಕೇಳಿದಂಗ ಇರಲಿಲ್ಲ, ಭಿಕ್ಷಾ ಬೇಡಿದಂಗ ಇತ್ತು. ನನ್ನ ಮೊಣಕಾಲು ನೋಯೂದಕ್ಕ ಅವರ ಖಾನಾವಳಿ ಏನು ಮಾಡೀತು? ಎಲ್ಲಾ ಅಳಿಸಿದ್ನಿ. ರೊಟ್ಟಿಗಿ ಸಂಬಂಧ ಇದ್ದದ್ದಷ್ಟು ಇಟ್ನಿ. ಸಾಲ್ಯಾಗ ಕಲಿತ ಕನ್ನಡದಾಗ ಬರದ್ನಿ:

"ಅಣ್ಣಾರ, ನಮಸ್ಕಾರ. ಒಂಬತ್ತು ವರ್ಷದಿಂದ ನಮ್ಮ ಕಡೆಯಿಂದಲೇ ರೊಟ್ಟಿ ತೆಗೆದುಕೊಳ್ಳುತ್ತಿದ್ದೀರಿ, ಅದನ್ನು ಮರೆತಿಲ್ಲ. ನಾಲ್ಕು ವರ್ಷದಿಂದ ರೊಟ್ಟಿಗೆ ಏಳು ರೂಪಾಯಿ ದರವೇ ಇದೆ. ಈ ನಡುವೆ ಜೋಳ ತುಟ್ಟಿಯಾಗಿದೆ, ಸಿಲಿಂಡರ್ ತುಟ್ಟಿಯಾಗಿದೆ. ರೊಟ್ಟಿ ಬಡಿಯುವವರಿಗೆ ಎರಡರ ಬದಲು ಮೂರು ರೂಪಾಯಿ ಕೊಡದಿದ್ದರೆ ಅವರು ನಿಲ್ಲುವುದಿಲ್ಲ. ಬರುವ ಒಂದನೇ ತಾರೀಖಿನಿಂದ ರೊಟ್ಟಿಗೆ ಒಂಬತ್ತು ರೂಪಾಯಿ ಮಾಡಬೇಕೆಂದು ವಿನಂತಿ. ಅಲ್ಲಿಯವರೆಗೆ ಹಳೆಯ ದರವೇ ಇರಲಿ. ಕಷ್ಟ ಅನಿಸಿದರೆ ಹೇಳಿರಿ, ಕೂತು ಮಾತಾಡೋಣ. ಇಷ್ಟು ವರ್ಷದಲ್ಲಿ ರೊಟ್ಟಿಯಲ್ಲಿ ಏನೂ ಕಡಿಮೆ ಮಾಡಿಲ್ಲ, ಮುಂದೆಯೂ ಮಾಡುವುದಿಲ್ಲ."

ಕಡೀ ಸಾಲು ಬರಿಯೂವಾಗ ಕೈ ಒಂದಿಷ್ಟು ತಡೀತು. ಯಾಕಂದ್ರ ಅದು ಸುಳ್ಳು. ಜೋಳ ತುಟ್ಟಿ ಆದ ವರ್ಷ, ದರ ಕೇಳಾಕ ಬಾಯಿ ಬರಲಾರದ್ದಕ್ಕ, ಉಂಡಿ ಸಣ್ಣ ಮಾಡಿದ್ನಿ. ಮೊದಲ ಒಂದು ಚಿವುಟು, ಆಮ್ಯಾಲ ಇನ್ನೊಂದು ಚಿವುಟು. ಕಿಲೋ ಹಿಟ್ಟಿಗಿ ಹದಿನಾಕು ರೊಟ್ಟಿ ಆಗತಿದ್ದವು, ಹದಿನೇಳು ಆಗಾಕ ಹತ್ತಿದವು. ಕಳವು ಅಂತ ನನಗ ಅನಿಸಿರಲಿಲ್ಲ. ನಮ್ಮ ಓಣ್ಯಾಗ ರೊಟ್ಟಿ ಮಾರಾವರೆಲ್ಲಾ ಹಿಂಗ ಮಾಡ್ತಾರ, ಬಾಯಿ ಬರಲಿಲ್ಲಂದ್ರ ಕೈ ಚಿವುಟತೈತಿ. ಯಾರಿಗಿ ಗೊತ್ತಾಗತೈತಿ ಅಂತ ಆ ಸಾಲು ಹಂಗ ಬಿಟ್ಟು ಕಳಿಸಿಬಿಟ್ನಿ.

ಅವರು ಓದ್ಯಾರ ಅಂತ ಎರಡು ನೀಲಿ ಗೆರಿ ಬಂದವು. ಉತ್ತರ ಬರಲಿಲ್ಲ. ಸಂಜಿ ತನಕಾ ಆ ಫೋನು ನೋಡಿ ನೋಡಿ ನನಗ ಸಾಕಾಗಿ ಹೋತು.

ಮರುದಿವಸ ಬುಟ್ಟಿ ಇಳಿಸಿದ್ನಿ. "ತಂಗಿ, ಊಟ ಮುಗೀಲಿ, ಕುಂಡ್ರು" ಅಂದ್ರು. ಎರಡೂವರಿಗಿ ಮಂದಿ ಕರಗಿದ ಮ್ಯಾಲ ತಾವೂ ಉಣ್ಣಾಕ ಕುಂತ್ರು. ಗಂಗಾಳದಾಗ ಒಂದು ರೊಟ್ಟಿ ಹಾಕಿಸಿಕೊಂಡು ನನ್ನ ಕಡೆ ಸರಿಸಿದ್ರು.

"ಮೊದಲ ನಿನ್ನ ರೊಟ್ಟಿ ಈ ಗಂಗಾಳದ ಅಂಚು ದಾಟಿ ಹೊರಗ ಬರತಿತ್ತು. ಈಗ ನೋಡು."

ರೊಟ್ಟಿ ಸುತ್ತಲೂ ಎರಡು ಬೆರಳು ಸ್ಟೀಲು ಕಾಣ್ತಿತ್ತು. ಕುಂಬಳಕಾಯಿ ಕಳ್ಳ ಅಂದ್ರ ಹೆಗಲು ಮುಟ್ಟಿ ನೋಡಿಕೊಂಡಂಗ, ನನ್ನ ಕೈ ತಾನ ಸೆರಗಿನೊಳಗ ಹೋತು.

"ನಿನ್ನ ಕಾರಣ ಎಲ್ಲಾ ಒಪ್ಪಿದ್ನಿ. ಜೋಳದ ರೇಟು ನನಗೂ ಗೊತ್ತೈತಿ. ಒಂಬತ್ತು ಕೊಡ್ತೀನಿ, ಒಂದನೇ ತಾರೀಖಿನಿಂದ. ಕಡೀ ಸಾಲು ಒಂದು ಒಪ್ಪೂದಿಲ್ಲ. ಒಂದೂವರಿ ವರ್ಷ ಆತು, ಹಮಾಲರು ಎರಡು ರೊಟ್ಟಿಗಿ ಏಳವಲ್ಲರು. ಎರಡು ರೊಟ್ಟಿ ಊಟ ಅಂತ ಬೋರ್ಡ್ ಹಾಕೀನಿ, ಮೂರನೇದಕ್ಕ ರೊಕ್ಕ ಹೆಂಗ ಕೇಳ್ಲಿ? ಪುಕ್ಕಟ ನಾನ ಹಾಕಾಕತ್ತೀನಿ."

"ಹಂಗಾರ ನನಗ ಯಾಕ ಹೇಳಲಿಲ್ರಿ, ಅಣ್ಣಾರ?"

"ನೀ ಯಾಕ ಕೇಳಲಿಲ್ಲ? ಕೇಳಿದ್ರ ಅವತ್ತ ಕೊಡ್ತಿದ್ನಿ. ಕೇಳವಲ್ಲಿ, ಉಂಡಿ ಸಣ್ಣ ಮಾಡ್ತಿ. ತಂಗಿ ಅಂದ ಬಾಯಿಲೆ ಕಳ್ಳಿ ಅಂತ ಹೆಂಗ ಅನ್ಲಿ?"

ಬೈದಿದ್ರ ಛಲೋ ಇತ್ತು. ತಪ್ಪಾತ್ರಿ ಅಂದ್ನಿ, ಅವರು ಆತು ಬಿಡು ಅಂದು ರೊಟ್ಟಿ ಮುರದ್ರು.

ಮರುದಿನ ಮುಂಜಾನಿ ರೊಟ್ಟಿ ಬಡಿಯಾಕ ಬಂದ ಹೆಣ್ಮಕ್ಕಳಿಗಿ ಹೇಳಿದ್ನಿ, ಕೂಲಿ ಮೂರು ರೂಪಾಯಿ, ಉಂಡಿ ಮೊದಲಿನಷ್ಟ ದೊಡ್ಡದು. ಸೊಸಿ ನಕ್ಕಳು. ಮುದುಕಿ ನಗಲಿಲ್ಲ. "ಅವತ್ತ ನನ್ನ ಕೈಗಿ ಗೊತ್ತಾಗಿತ್ತವಾ," ಅಂದ್ಲು. "ಹೇಳಿದ್ರ ನನ್ನ ಕೆಲಸಕ್ಕ ಬ್ಯಾಡ ಅಂದೀರಿ ಅಂತ ಸುಮ್ಮನಿದ್ನಿ." ಕೇಳಿ ನನಗ ಇನ್ನಷ್ಟು ದಣಿವಾತು. ಇಷ್ಟು ಮಂದಿಗಿ ಗೊತ್ತಿದ್ದ ಗುಟ್ಟು ನಾ ಒಬ್ಬಾಕಿನ ಮುಚ್ಚಿಟ್ಟೀನಿ ಅಂದಕೊಂಡಿದ್ನಿ.

ಲೆಕ್ಕಾ ಹಾಕಿದ್ರ ಹೆಚ್ಚಾದ ಎರಡು ರೂಪಾಯಿದಾಗ ಒಂದು ಕೂಲಿಗಿ ಹೋತು, ಇನ್ನೊಂದರಾಗ ಬಹಳಷ್ಟು ದೊಡ್ಡ ಉಂಡಿಗಿ ಹೋತು. ನನಗ ಉಳದದ್ದು ಆಟೋದ ಖರ್ಚು ಅಂದ್ರೂ ನಡೀತೈತಿ. ಆದ್ರ ಆ ಇಬ್ಬರೂ ಉಳದ್ರು, ಒಲಿ ಆರಲಿಲ್ಲ.

ಒಂದನೇ ತಾರೀಖು ಬುಟ್ಟಿ ಇಳಿಸಿ ಹೊಂಟಿರಲಿಲ್ಲ, ಬಾಗಿಲದಾಗ ನಿಂತಿದ್ನಿ. ಗೋಡಿ ಕಡೆ ಒಬ್ಬ ಹಮಾಲ ಕುಂತಿದ್ದ, ಹೆಗಲ ಮ್ಯಾಲಿನ ಅರಿವಿಗಿ ಹತ್ತಿಯ ಎಳಿ ಹತ್ತಿದ್ದವು. ಎರಡು ರೊಟ್ಟಿ ಉಂಡ. ಬಡಸಾವ ರೂಢಿಲೆ ಮೂರನೇದು ತಂದ. ಹಮಾಲ ಗಂಗಾಳದ ಮ್ಯಾಲ ಅಡ್ಡ ಕೈ ಹಿಡದು, "ಸಾಕಪಾ, ಇವತ್ತ ಹೊಟ್ಟಿ ತುಂಬೇತಿ" ಅಂದ.