ರಾತ್ರಿ ಪಾಳಿಯವರಿಗೆ ಎಂಟೂವರೆ

ನಮ್ಮ ಬೀದಿಯ ಸಂಘದವರು ರಕ್ತದಾನ ಶಿಬಿರದ ಆಹ್ವಾನ ಬರೆಯುವ ಕೆಲಸ ನನಗೆ ಒಪ್ಪಿಸಿದ್ದರು. ಎಂ.ಎ. ಓದಿದವನು ಎಂಬುದೊಂದೇ ಕಾರಣ. ನಮ್ಮ ಗಡಿಯೂರು ಅವಲಪಲ್ಲಿಯ ಸಮುದಾಯ ಭವನ, ಬೆಳಿಗ್ಗೆ ಎಂಟೂವರೆಯಿಂದ ಒಂದರವರೆಗೆ.

ಸಮಯ ಹಂಚಿದ್ದೂ ನಾನೇ. ಮೂಕಂಡಪಲ್ಲಿಯ ಕಾರ್ಖಾನೆಗಳಲ್ಲಿ ರಾತ್ರಿ ಪಾಳಿ ಮುಗಿಸಿ ಬರುವವರಿಗೆ ಮೊದಲ ಒಂದು ಗಂಟೆ. ಬೇಗ ಕೊಟ್ಟು ಮನೆಗೆ ಹೋಗಿ ಮಲಗಲಿ ಎಂದು. ಆಮೇಲೆ ಹೊಲದವರು, ಹನ್ನೊಂದರ ಮೇಲೆ ಹೆಂಗಸರು. ಕೆಳಗೆ ಸೂಚನೆಗಳು: ಹದಿನೆಂಟು ತುಂಬಿರಬೇಕು, ತೂಕ ನಲವತ್ತೈದು ಕಿಲೋಗೆ ಕಡಿಮೆ ಇರಬಾರದು. ಹಿಂದೆ ಕೊಟ್ಟವರಾದರೆ ಗಂಡಸರಿಗೆ ಮೂರು ತಿಂಗಳು, ಹೆಂಗಸರಿಗೆ ನಾಲ್ಕು ತಿಂಗಳು ಕಳೆದಿರಬೇಕು. ಖಾಲಿ ಹೊಟ್ಟೆಯಲ್ಲಿ ಬರಬೇಡಿ. ಇಡ್ಲಿಯೋ ಮುದ್ದೆಯೋ ತಿಂದು, ನೀರು ಚೆನ್ನಾಗಿ ಕುಡಿದು ಬನ್ನಿ. ಕರಿದದ್ದು ಬೇಡ, ಹಿಂದಿನ ದಿನ ಮದ್ಯ ಬೇಡ.

‘ರಾತ್ರಿ ಚೆನ್ನಾಗಿ ನಿದ್ದೆ ಮಾಡಿರಬೇಕು’ ಎಂದೂ ಬರೆದಿದ್ದೆ ಅಂತ ನನಗೆ ಈಗಲೂ ಅನ್ನಿಸುತ್ತದೆ. ಫೋನಿನಲ್ಲಿ ಆ ಆಹ್ವಾನ ಹಾಗೇ ಇದೆ. ಆ ಸಾಲು ಅದರಲ್ಲಿಲ್ಲ. ಶಿಬಿರದಲ್ಲಿ ಕಲಿತದ್ದನ್ನು ನನ್ನ ನೆನಪು ಹಿಂದಕ್ಕೆ ಒಯ್ದು ಸೇರಿಸಿಕೊಂಡಿರಬಹುದು.

ಎಂಟೂವರೆಗೆ ಎಂಟು ಜನ ಬಂದರು. ಎಲ್ಲರೂ ದಾರಿಯಲ್ಲೇ ಇಡ್ಲಿ ತಿಂದಿದ್ದರು. ತೂಕವಾಯಿತು, ಬೆರಳು ಚುಚ್ಚಿ ಹಿಮೋಗ್ಲೋಬಿನ್ ನೋಡಿದ್ದಾಯಿತು. ರಕ್ತನಿಧಿಯ ಡಾಕ್ಟರಮ್ಮ ಮೊದಲನೆಯವನನ್ನು ತಮಿಳಿನಲ್ಲಿ ಕೇಳಿದರು, ರಾತ್ರಿ ಎಷ್ಟು ಹೊತ್ತು ಮಲಗಿದ್ದೆ ಎಂದು. ಅವನು ಕನ್ನಡದಲ್ಲೇ ಹೇಳಿದ:

“ಮಲಗೋದೆಲ್ಲಿ ಮೇಡಂ, ಸೀದಾ ಶಿಫ್ಟಿಂದ ಬತ್ತಾ ಇವ್ನಿ.”

ಅವರು ಪೆನ್ನು ಕೆಳಗಿಟ್ಟರು. ನಿದ್ದೆಗೆಟ್ಟವರಿಂದ ತೆಗೆದುಕೊಳ್ಳುವುದಿಲ್ಲ, ತಲೆ ಸುತ್ತಿ ಬೀಳುತ್ತೀರಿ, ಮತ್ತೆ ರಾತ್ರಿ ಮೆಷಿನ್ ಮುಂದೆ ನಿಲ್ಲಬೇಕಲ್ಲ ಎಂದರು. ಅವನು ಎದ್ದು ನನ್ನ ಮೇಜಿನ ಹತ್ತಿರ ಬಂದ.

“ನೀನೇ ಕರ್ದು ನೀನೇ ಓಡಿಸ್ತೀಯಾ? ಚೆನ್ನಾಗಿ ಓದಿದ್ದೀಯ ಕಣ್ಲಾ.”

ಸಾಲಿನಲ್ಲಿ ಅವನ ಹಿಂದೆಯೇ ಇದ್ದವನು ನನ್ನ ಚಿಕ್ಕಪ್ಪನ ಮಗ. ಹಿಂದಿನ ವರ್ಷ ಹೆರಿಗೆಯಲ್ಲಿ ಅವನ ಹೆಂಡತಿಗೆ ಕೃಷ್ಣಗಿರಿಯ ಆಸ್ಪತ್ರೆಯಲ್ಲಿ ಎರಡು ಬಾಟಲಿ ರಕ್ತ ಏರಿಸಿದ್ದರು. ಮಗು ವರ್ಷ ತುಂಬುವುದರೊಳಗೆ ತಾನೂ ಕೊಡುತ್ತೇನೆಂದು ಅವಳಿಗೆ ಮಾತು ಕೊಟ್ಟಿದ್ದ. ಇನ್ನು ನಾಲ್ಕು ದಿನ ಉಳಿದಿತ್ತು. ಅವನು ಕಂಪನಿಯ ಗುರುತಿನ ಚೀಟಿಯನ್ನು ಕುತ್ತಿಗೆಯಿಂದ ತೆಗೆದು ಜೇಬಿಗಿಟ್ಟದ್ದನ್ನು ನೋಡಿದೆ.

“ಜನರಲ್ ಶಿಫ್ಟು ಮೇಡಂ. ಹತ್ತು ಗಂಟೆಗೇ ಮಲ್ಕೊಂಡಿದ್ದೆ.”

ಅವರು ಅವನ ಮುಖ ನೋಡಿದರು, ಬಿ.ಪಿ. ನೋಡಿದರು, ಸಹಿ ಹಾಕಿದರು. ಅವನು ಹೋಗಿ ಮಂಚದ ಮೇಲೆ ಮಲಗಿದ. ತೋಳಿಗೆ ಪಟ್ಟಿ ಬಿಗಿದರು, ಕೈಗೆ ರಬ್ಬರ್ ಚೆಂಡು ಕೊಟ್ಟರು.

ನನ್ನ ಕೈಯಲ್ಲಿ ಸಮಯದ ಪಟ್ಟಿ ಇತ್ತು. ‘ರಾತ್ರಿ ಪಾಳಿ’ ಎಂಬ ತಲೆಬರಹದ ಕೆಳಗೆ ಎರಡನೆಯ ಹೆಸರು ಅವನದು. ಮಂಚದಿಂದ ಅವನು ನನ್ನನ್ನೇ ನೋಡುತ್ತಿದ್ದ, ಸುಮ್ಮನಿರು ಎನ್ನುವ ಹಾಗೆ. ಹೊರಗೆ ಅವನ ಬೈಕು ನಿಂತಿತ್ತು. ಮನೆಗೆ ಹೋಗಲು ಹೆದ್ದಾರಿ ದಾಟಬೇಕು. ನರ್ಸ್ ಹತ್ತಿಯಿಂದ ಅವನ ಮೊಣಕೈ ಮಡಚುವ ಜಾಗ ಒರೆಸುತ್ತಿದ್ದಳು.

ನಾನು ಎದ್ದು, “ಅವನದು ರಾತ್ರಿ ಪಾಳಿ” ಎಂದೆ. ಹಾಗೆಂದು ನನ್ನ ನೆನಪು. ಅವನು ಹೇಳುವುದೇ ಬೇರೆ: ನಾನು ಬಾಯಿ ಬಿಡಲಿಲ್ಲವಂತೆ, ಈ ಗುಂಪಿನಲ್ಲಿ ಇನ್ನೆಷ್ಟು ಜನ ಎಂದು ನೋಡಲು ಡಾಕ್ಟರಮ್ಮನೇ ಬಂದು ಪಟ್ಟಿ ಎತ್ತಿಕೊಂಡರಂತೆ. ಸೂಜಿ ಚುಚ್ಚುವ ಮೊದಲೇ ತೋಳಿನ ಪಟ್ಟಿ ಬಿಚ್ಚಿದರು ಎಂಬುದರಲ್ಲಿ ಮಾತ್ರ ಇಬ್ಬರಿಗೂ ಅನುಮಾನವಿಲ್ಲ.

ಉಳಿದ ಆರು ಜನರಿಗೆ ನಾನೇ ಕೈಮುಗಿದು ವಾಪಸು ಕಳಿಸಿದೆ. ಚಿಕ್ಕಪ್ಪನ ಮಗ ಬೈಕಿನ ಹತ್ತಿರ ನಿಂತಿದ್ದ.

“ಕೀ ಕೊಡು,” ಅಂದೆ.

“ಒಂದು ತೊಟ್ಟೂ ತಗೊಂಡಿಲ್ವಲ್ಲಣ್ಣ, ನಂಗೇನಾಯ್ತದೆ? ಅವ್ಳಿಗೆ ಏನಂತ ಹೇಳ್ಲಿ?”

“ವಾರದ ರಜದಲ್ಲಿ ಮಲಗಿ ಎದ್ದು ಕೃಷ್ಣಗಿರಿಗೆ ಹೋಗಿ ಕೊಡು. ನಾನೂ ಬತ್ತೀನಿ.”

“ಅಷ್ಟೊತ್ಗೆ ವರ್ಷ ತುಂಬೋಗಿರ್ತದೆ.”

ಕೀ ಕೊಟ್ಟ. ಬೈಯುತ್ತಲೇ ಹಿಂದೆ ಕೂತ. ಎರಡು ತಿರುವು ದಾಟುವಷ್ಟರಲ್ಲಿ ಅವನ ಬೈಗುಳ ನಿಂತಿತು, ಹಣೆ ಬಂದು ನನ್ನ ಬೆನ್ನಿಗೆ ಬಡಿಯಿತು. ಒಂದು ಕೈಯಿಂದ ಅವನ ಮಣಿಕಟ್ಟನ್ನು ನನ್ನ ಹೊಟ್ಟೆಗೆ ಅದುಮಿ ಹಿಡಿದು, ಹೆದ್ದಾರಿಗೆ ಏರುವ ಮೊದಲೇ ಬೈಕನ್ನು ಅಂಚಿಗೆ ತಂದು ನಿಲ್ಲಿಸಿದೆ. ಲಾರಿಗಳು ಹೋಗುತ್ತಲೇ ಇದ್ದವು. ಅವನಿಗೆ ಎಚ್ಚರವಾಗಲಿಲ್ಲ. ಎರಡೂ ಕಾಲು ನೆಲಕ್ಕೆ ಊರಿ, ಅವನಾಗಿಯೇ ಏಳುವವರೆಗೂ ಹಾಗೇ ನಿಂತಿದ್ದೆ.